ಎರಡೂ ಹೊಂದಿದರೆ ಸಾಲದು

ಚೆಕ್ಕಿನ ಮೇಲೆ ಮೊತ್ತವನ್ನು ಎರಡು ಸಲ ಏಕೆ ಬರೆಯಬೇಕು ಎಂದು ಯಾರನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ಅಂಕಿಯನ್ನು ತಿದ್ದುವುದು ಸುಲಭ, ಅಕ್ಷರವನ್ನು ತಿದ್ದುವುದು ಕಷ್ಟ. ಎರಡರ ನಡುವೆ ವ್ಯತ್ಯಾಸ ಕಂಡರೆ ಅಕ್ಷರವೇ ಅಂತಿಮ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಕೂಡ ಹೇಳುವುದು ಇದನ್ನೇ. ಆ ಸೆಕ್ಷನ್ನಿನ ಜೊತೆ ನನಗೆ ಜಗಳವಿಲ್ಲ. ನನ್ನ ತಕರಾರು ಅದರ ನೆರಳಿನಲ್ಲಿ ಬೆಳೆದ ಒಂದು ರೂಢಿಯ ಬಗ್ಗೆ. ಚೆಕ್ ಬೌನ್ಸ್ ಪ್ರಕರಣದಲ್ಲಿ ಕಕ್ಷಿದಾರರು ಮೊಬೈಲಿನಲ್ಲಿ ಚೆಕ್ ಹಾಳೆಯ ಫೋಟೊ ಕಳಿಸುತ್ತಾರೆ. ವಕೀಲರ ಕಚೇರಿಯಲ್ಲಿ ಒಬ್ಬರು ಅದನ್ನು ನೋಡಿಕೊಂಡು ನೋಟಿಸಿಗೆ ಇಳಿಸುತ್ತಾರೆ. ಹಾಗೆ ಇಳಿಸುವಾಗ ಮೊತ್ತವನ್ನು ಒಂದು ಕಡೆಯಿಂದ ಓದಿದರೆ ಸಾಕು, ಇನ್ನೊಂದನ್ನು ಅದರಿಂದಲೇ ಬರೆದುಕೊಳ್ಳಬಹುದು, ಕೊನೆಗೆ ಎರಡೂ ಹೊಂದಿದರೆ ಕೆಲಸ ಸರಿಯಾದಂತೆ ಎಂಬ ನಂಬಿಕೆ ಬಲವಾಗಿದೆ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ.

ಮೊದಲು ಕಾಯ್ದೆಯ ಮಾತನ್ನೇ ನೋಡೋಣ. 18ನೇ ಸೆಕ್ಷನ್ ಹೇಳುವುದು, ವ್ಯತ್ಯಾಸವಿರುವ ಚೆಕ್ಕಿನಲ್ಲಿ ಯಾವ ಮೊತ್ತವನ್ನು ಕೊಡಬೇಕೆಂದು ತಿಳಿಯಬೇಕು ಎಂಬುದನ್ನು. ಅದು ಅರ್ಥೈಸುವವರಿಗೆ ಕೊಟ್ಟ ಸೂತ್ರ. ಅಂಕಿಯನ್ನು ಅಳಿಸಿ ಅಕ್ಷರಕ್ಕೆ ಹೊಂದಿಸಿ ಬರೆಯಿರಿ ಎಂದು ಅದು ನಕಲುಗಾರನಿಗೆ ಎಲ್ಲೂ ಹೇಳುವುದಿಲ್ಲ. ನಕಲುಗಾರ ಆ ಸೂತ್ರವನ್ನು ತಾನೇ ಅನ್ವಯಿಸಿ, ಹೊಂದಿಕೊಂಡ ಮೊತ್ತವನ್ನು ಮಾತ್ರ ಮುಂದಿಟ್ಟರೆ, ಚೆಕ್ಕಿನಲ್ಲಿ ವ್ಯತ್ಯಾಸವಿತ್ತು ಎಂಬ ಸಂಗತಿಯೇ ಮಾಯವಾಗುತ್ತದೆ. ತೀರ್ಮಾನಿಸಬೇಕಾದವರ ಕೈಗೆ ಪ್ರಶ್ನೆ ತಲುಪುವುದೇ ಇಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ಈ ಸೂತ್ರ ನಾವಂದುಕೊಂಡಷ್ಟು ಸಲೀಸಾಗಿ ನಡೆಯುವುದೂ ಇಲ್ಲ. ಅಂಕಿ ಮತ್ತು ಅಕ್ಷರದ ಮೊತ್ತ ಬೇರೆಬೇರೆ ಎಂಬ ಕಾರಣ ನಮೂದಿಸಿ ಚೆಕ್ಕನ್ನು ಹಿಂದಿರುಗಿಸುವುದು ಬ್ಯಾಂಕುಗಳ ಸಾಮಾನ್ಯ ರೂಢಿ. ಹಾಗೆ ಹಿಂದಿರುಗಿದ ಚೆಕ್ಕಿಗೂ ಖಾತೆಯಲ್ಲಿ ಹಣವಿಲ್ಲದೆ ಹಿಂದಿರುಗಿದ ಚೆಕ್ಕಿಗೂ ಕಾನೂನಿನ ಕಣ್ಣಿನಲ್ಲಿ ಬಹಳ ಅಂತರವಿದೆ. ನಕಲಿನಲ್ಲಿ ಮೊತ್ತವನ್ನು ಸರಿಮಾಡಿಬಿಟ್ಟರೆ, ಜೊತೆಗಿರುವ ರಿಟರ್ನ್ ಮೆಮೊ ಯಾವುದರ ಬಗ್ಗೆ ಮಾತಾಡುತ್ತಿದೆ ಎಂಬುದೇ ಓದುವವರಿಗೆ ತಿಳಿಯದು. ಚೆಕ್ ಟ್ರಂಕೇಷನ್ ವ್ಯವಸ್ಥೆಗಾಗಿ ರಿಸರ್ವ್ ಬ್ಯಾಂಕ್ ಮಾಡಿರುವ ನಿಯಮ ಇನ್ನೂ ಕಟ್ಟುನಿಟ್ಟಾದುದು. ಪಡೆಯುವವರ ಹೆಸರಾಗಲಿ, ಅಂಕಿಯ ಮೊತ್ತವಾಗಲಿ, ಅಕ್ಷರದ ಮೊತ್ತವಾಗಲಿ ಬದಲಾಗಬೇಕಿದ್ದರೆ ಹೊಸ ಹಾಳೆಯನ್ನೇ ಬರೆಯಬೇಕು. ತಿದ್ದಿ ಸಹಿ ಹಾಕಿದರೆ ನಡೆಯದು. ಚೆಕ್ ಬರೆದವರಿಗೇ ಇಲ್ಲದ ತಿದ್ದುವ ಅಧಿಕಾರ ಫೋಟೊ ನೋಡಿ ಟೈಪು ಮಾಡುವವರಿಗೆ ಎಲ್ಲಿಂದ ಬರಬೇಕು?

ಎರಡನೆಯ ನಂಬಿಕೆ ಇನ್ನೂ ಸೂಕ್ಷ್ಮವಾದದ್ದು, ಆದ್ದರಿಂದ ಹೆಚ್ಚು ಅಪಾಯಕಾರಿ. ಅಂಕಿ ಮತ್ತು ಅಕ್ಷರ ಒಂದೇ ಮಾಹಿತಿಯ ಎರಡು ರೂಪ, ಹಾಗಾಗಿ ನಕಲಿನಲ್ಲಿ ಅವೆರಡೂ ತಾಳೆಯಾದರೆ ನಕಲು ಸರಿ ಎಂಬ ವಾದವದು. ಕೇಳಲು ಒಪ್ಪುವಂತಿದೆ. ಆದರೆ ತಾಳೆಯಾಗಬೇಕಾದದ್ದು ಯಾವುದಕ್ಕೆ ಯಾವುದು? ನಕಲಿನ ಅಂಕಿ ಮೂಲದ ಅಂಕಿಗೆ, ನಕಲಿನ ಅಕ್ಷರ ಮೂಲದ ಅಕ್ಷರಕ್ಕೆ. ನಕಲಿನ ಅಂಕಿ ನಕಲಿನ ಅಕ್ಷರಕ್ಕೆ ಹೊಂದುವುದು ಮೂರನೆಯ ಮಾತು, ಮೊದಲೆರಡನ್ನು ಅದು ತಾನಾಗಿ ಸಾಬೀತು ಮಾಡುವುದಿಲ್ಲ.

ಒಂದು ಚೆಕ್ಕನ್ನು ಕಲ್ಪಿಸಿಕೊಳ್ಳೋಣ. ಚೆಕ್ಕನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ, ಬರೆಯುವವರೂ ಇದ್ದಾರೆ. ಚೌಕದಲ್ಲಿ ‘೨೩,೬೦೦/-’ ಎಂದಿದೆ. ಗೆರೆಯ ಮೇಲೆ ‘ಇಪ್ಪತ್ತಮೂರು ಸಾವಿರದ ಆರುನೂರು ಮಾತ್ರ’ ಎಂದಿದೆ. ಫೋಟೊ ತೆಗೆದವರ ನೆರಳು ಚೌಕದ ಮೇಲೆ ಬಿದ್ದಿದೆ. ಟೈಪಿಸ್ಟ್ ೩ನ್ನು ೬ ಎಂದು ಓದುತ್ತಾರೆ. ಕೈಬರಹದಲ್ಲಿ ಈ ಎರಡು ಅಂಕಿಗಳ ನಡುವೆ ಇರುವುದು ಒಂದು ಸುರುಳಿಯ ಅಂತರ. ಅವರು ಫಾರ್ಮಿನಲ್ಲಿ 26,600 ಎಂದು ತುಂಬುತ್ತಾರೆ; ಅಂಕಿಯಿಂದ ಅಕ್ಷರ ಹುಟ್ಟಿಸುವ ಫಾರ್ಮು ‘ಇಪ್ಪತ್ತಾರು ಸಾವಿರದ ಆರುನೂರು’ ಎಂದು ತಾನೇ ಬರೆದುಕೊಡುತ್ತದೆ. ಈಗ ಅಂಕಿ ಅಕ್ಷರ ಎರಡೂ ಚೆನ್ನಾಗಿ ಹೊಂದುತ್ತವೆ. ಪರಿಶೀಲಿಸುವ ಹಿರಿಯರು ಎರಡನ್ನೂ ಓದಿ ತಲೆಯಾಡಿಸುತ್ತಾರೆ. ಮೊತ್ತ ಮಾತ್ರ 3,000 ರೂಪಾಯಿ ತಪ್ಪಿದೆ.

ಇದೇ ಹಾಳೆಯನ್ನು ಅಕ್ಷರದ ಕಡೆಯಿಂದಲೂ ತಪ್ಪಾಗಿ ಓದಬಹುದು. ಅವಸರದ ಕೈಯಲ್ಲಿ ‘ಇ’ ಮತ್ತು ‘ಎ’ ಒಂದರ ಹಾಗೆ ಇನ್ನೊಂದು ಕಾಣುವುದು ಅಪರೂಪವಲ್ಲ. ‘ಇಪ್ಪತ್ತು’, ‘ಎಪ್ಪತ್ತು’ ಎಂಬ ಪದಗಳಲ್ಲಿ ಬೇರೆಯಾಗಿರುವುದು ಆ ಮೊದಲ ಅಕ್ಷರ ಮಾತ್ರ. ‘ಅಕ್ಷರವೇ ಅಂತಿಮ’ ಎಂದು ನಂಬಿದವರು ಎಪ್ಪತ್ತಮೂರು ಸಾವಿರದ ಆರುನೂರು ಎಂದು ಓದಿ, ಅಂಕಿಯನ್ನು 73,600 ಎಂದು ಬರೆದರೆ ತಪ್ಪು ಮೂರು ಸಾವಿರಕ್ಕೆ ನಿಲ್ಲುವುದಿಲ್ಲ, ಐವತ್ತು ಸಾವಿರಕ್ಕೆ ಏರುತ್ತದೆ.

ಜನಪ್ರಿಯ ವಿವರಣೆ ಕಾಣದೆ ಹೋಗಿರುವುದು ಇಲ್ಲಿದೆ. ಅಂಕಿಯಲ್ಲಿ ಒಂದರಂತೆ ಇನ್ನೊಂದು ಕಾಣುವ ೩ ಮತ್ತು ೬, ಅಕ್ಷರಕ್ಕೆ ಬಂದರೆ ‘ಮೂರು’ ಮತ್ತು ‘ಆರು’; ಅಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಅಕ್ಷರದಲ್ಲಿ ಒಂದರಂತೆ ಇನ್ನೊಂದು ಕಾಣುವ ಇಪ್ಪತ್ತು ಮತ್ತು ಎಪ್ಪತ್ತು, ಅಂಕಿಗೆ ಬಂದರೆ ೨೦ ಮತ್ತು ೭೦. ಅಲ್ಲಿ ಅನುಮಾನ ಕಡಿಮೆ. ಎರಡು ರೂಪಗಳು ಎಡವುವ ಜಾಗ ಬೇರೆಬೇರೆ. ಮೊತ್ತವನ್ನು ಎರಡು ಸಲ ಬರೆಯುವುದರ ನಿಜವಾದ ಬೆಲೆ ಇರುವುದು ಈ ವ್ಯತ್ಯಾಸದಲ್ಲಿ. ಅಕ್ಷರ ಅಂಕಿಗಿಂತ ಶ್ರೇಷ್ಠ ಎಂಬುದರಲ್ಲಲ್ಲ. ಇಬ್ಬರು ಸಾಕ್ಷಿಗಳಲ್ಲಿ ಒಬ್ಬನ ಹೇಳಿಕೆಯನ್ನು ಇನ್ನೊಬ್ಬನಿಂದಲೇ ಬರೆಸಿಕೊಂಡರೆ ಉಳಿಯುವುದು ಒಬ್ಬನೇ ಸಾಕ್ಷಿ. ಅಂಕಿಯಿಂದ ಅಕ್ಷರ ಹುಟ್ಟಿಸುವ ಫಾರ್ಮು ಮಾಡುವುದು ಇದನ್ನೇ.

ಹಾಗಾದರೆ ಮಾಡಬೇಕಾದದ್ದೇನು? ಅಕ್ಷರವನ್ನು ಮೊದಲು ಓದಬೇಕು, ಚೌಕವನ್ನು ಕೈಯಿಂದಲೋ ಪರದೆಯ ಮೇಲೆ ಜರುಗಿಸಿಯೋ ಮರೆಮಾಡಿ. ಅಂಕಿಯನ್ನು ಮೊದಲು ನೋಡಿದ ಕಣ್ಣು ಅಕ್ಷರದಲ್ಲಿ ಅದನ್ನೇ ಹುಡುಕುತ್ತದೆ, ಹುಡುಕಿದ್ದನ್ನು ಕಂಡುಕೊಂಡೂ ಬಿಡುತ್ತದೆ. ಅಕ್ಷರವನ್ನು ಇದ್ದಂತೆ ಟೈಪು ಮಾಡಿದ ಮೇಲೆ ಅದನ್ನು ಮುಚ್ಚಿ, ಅಂಕಿಯನ್ನು ಒಂದೊಂದಾಗಿ ಇಳಿಸಬೇಕು. ಅನಂತರ ಎರಡನ್ನು ಹೋಲಿಸಬೇಕು. ಹೊಂದದಿದ್ದರೆ ಒಂದನ್ನು ಇನ್ನೊಂದರಿಂದ ತಿದ್ದಬಾರದು, ಫೋಟೊಗೆ ಮರಳಬೇಕು. ಅಲ್ಲಿ ಮೂರರಲ್ಲಿ ಒಂದು ಕಾಣುತ್ತದೆ: ನಾವು ಅಂಕಿಯನ್ನು ತಪ್ಪಾಗಿ ಓದಿದ್ದೇವೆ, ಅಕ್ಷರವನ್ನು ತಪ್ಪಾಗಿ ಓದಿದ್ದೇವೆ, ಇಲ್ಲವೇ ಚೆಕ್ಕೇ ಹಾಗಿದೆ. ಮೂರನೆಯದಾದರೆ ಎರಡನ್ನೂ ಇದ್ದಂತೆಯೇ ಬರೆದು, ‘ಮೂಲದಲ್ಲೇ ಹೀಗಿದೆ’ ಎಂದು ಪಕ್ಕದಲ್ಲಿ ನಮೂದಿಸಬೇಕು. ಓದಲಾಗದ ಜಾಗವನ್ನು ಓದಲಾಗದು ಎಂದೇ ಬಿಡಬೇಕು.

ಇದು ಅತಿಯಾದ ಗುಮಾಸ್ತಿಕೆ, ಮೊತ್ತದ ಬೆಲೆ ಗೊತ್ತಾದರೆ ಸಾಲದೇ, ಅಲ್ಪವಿರಾಮಕ್ಕೂ ಕಾಗುಣಿತಕ್ಕೂ ತಲೆ ಕೆಡಿಸಿಕೊಳ್ಳಬೇಕೇ ಎಂಬ ಆಕ್ಷೇಪ ಬರುತ್ತದೆ. ಇದರಲ್ಲಿ ಅರ್ಧ ನ್ಯಾಯವಿದೆ. ಇಂಗ್ಲಿಷಿನಲ್ಲಿ ‘ಫಾರ್ಟಿ’ ಪದಕ್ಕೆ ಒಂದು ‘ಯು’ ಹೆಚ್ಚಾಗಿ ಸೇರಿಸಿ ಬರೆದವರ ಚೆಕ್ಕಿನ ಬೆಲೆಯೇನೂ ಬದಲಾಗದು. ಆದರೆ ಗುರುತುಗಳು ಸುಮ್ಮನೆ ಬಂದವಲ್ಲ. ‘/-’ ಗುರುತು ಮುಂದೆ ಸೊನ್ನೆ ಸೇರದಂತೆ ಹಾಕಿದ ಬೇಲಿ, ‘ಮಾತ್ರ’ ಎಂಬ ಪದವೂ ಅಂಥದ್ದೇ. ಯಾರಾದರೂ ‘1,500,00’ ಎಂದು ಅಲ್ಪವಿರಾಮವನ್ನು ತಪ್ಪು ಜಾಗದಲ್ಲಿ ಹಾಕಿದ್ದರೆ, ಅವರು ಒಂದೂವರೆ ಲಕ್ಷ ಬರೆಯಹೊರಟಿದ್ದರೋ, 1,500.00 ಎಂದು ಪೈಸೆ ಸೇರಿಸಿ ಬರೆಯುವಾಗ ಚುಕ್ಕಿ ಎಳೆದುಹೋಯಿತೋ ಎಂಬ ಪ್ರಶ್ನೆ ಏಳುತ್ತದೆ. 1,50,000 ಎಂದು ಅಂದವಾಗಿ ಟೈಪು ಮಾಡಿದ ನಕಲಿನಲ್ಲಿ ಆ ಪ್ರಶ್ನೆ ಸತ್ತುಹೋಗಿರುತ್ತದೆ.

ಕನ್ನಡದಲ್ಲಿ ಟೈಪು ಮಾಡುವವರಿಗೆ ಇನ್ನೊಂದು ಬಲೆ ಇದೆ. ಸೊನ್ನೆ ಎಂಬ ಅಂಕಿಯೂ ಅನುಸ್ವಾರವೂ ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ. ‘ಒಂದು’ ಎಂದು ಬರೆಯುವಲ್ಲಿ ಸೊನ್ನೆಯನ್ನು ಒತ್ತಿದರೆ ‘ಒ೦ದು’ ಆಗುತ್ತದೆ. ಕಣ್ಣಿಗೆ ಗೊತ್ತಾಗದು, ಆದರೆ ಕಂಪ್ಯೂಟರಿಗೆ ಅನುಸ್ವಾರ U+0C82, ಸೊನ್ನೆ U+0CE6. ಒಂದೇ ಹಾಳೆಯನ್ನು ಇಬ್ಬರು ಬೇರೆಬೇರೆಯಾಗಿ ಇಳಿಸಿ ಕಂಪ್ಯೂಟರಿನಲ್ಲಿ ಹೋಲಿಸಿದರೆ ಇಲ್ಲದ ವ್ಯತ್ಯಾಸ ಕಾಣುತ್ತದೆ. ಹುಡುಕಿದರೆ ಇರುವ ದಾಖಲೆ ಸಿಗದೆ ಹೋಗುತ್ತದೆ. ಇದ್ದಂತೆ ಇಳಿಸಬೇಕೆನ್ನುವ ನಿಯಮಕ್ಕೆ ಇಲ್ಲೊಂದು ಮಿತಿಯನ್ನು ನಾನೇ ಒಪ್ಪುತ್ತೇನೆ. ಶಾಯಿಯಲ್ಲಿ ಬರೆದ ಆ ವೃತ್ತ ಯಾವುದು ಎಂದು ಚೆಕ್ಕು ಹೇಳುವುದಿಲ್ಲ, ಪದದ ಒಳಗಿದ್ದರೆ ಅನುಸ್ವಾರ, ಅಂಕಿಯ ಸಾಲಿನಲ್ಲಿದ್ದರೆ ಸೊನ್ನೆ ಎಂದು ನಕಲುಗಾರನೇ ನಿರ್ಧರಿಸಬೇಕು. ಆಕಾರದ ಮಟ್ಟದಲ್ಲಿ ಈ ಸ್ವಾತಂತ್ರ್ಯ ಸರಿ. ಮೊತ್ತದ ಮಟ್ಟದಲ್ಲಿ ಅಲ್ಲ.

ಫೋಟೊ ನಂಬಲು ಯೋಗ್ಯವಲ್ಲ, ಮೂಲವನ್ನೇ ತರಿಸಿಕೊಳ್ಳಿ ಎನ್ನುವವರೂ ಇದ್ದಾರೆ. ಆದರೆ ದೇಶದ ಚೆಕ್ ಕ್ಲಿಯರಿಂಗ್ ಇಂದು ನಡೆಯುತ್ತಿರುವುದೇ ಚಿತ್ರಗಳ ಮೇಲೆ. ಚೆಕ್ಕಿನ ಹಾಳೆ ಹಣ ಕೇಳಿದವರ ಬ್ಯಾಂಕಿನಲ್ಲೇ ಉಳಿಯುತ್ತದೆ. ಮುಂಭಾಗದ ಎರಡು ಚಿತ್ರ, ಹಿಂಭಾಗದ ಒಂದು ಚಿತ್ರ ಪ್ರಯಾಣ ಮಾಡುತ್ತವೆ. ದೋಷವಿರುವುದು ಚಿತ್ರ ಎಂಬುದರಲ್ಲಲ್ಲ, ಮೊಬೈಲ್ ಫೋಟೊದ ಓರೆ, ನೆರಳು, ಕತ್ತರಿಕೆಯಲ್ಲಿ. ಚೌಕವಿರುವುದು ಹಾಳೆಯ ಬಲ ಅಂಚಿನಲ್ಲಿ, ಹೆಬ್ಬೆರಳು ಕೂರುವುದೂ ಅಲ್ಲೇ. ಅಂಥ ಫೋಟೊ ಬಂದರೆ ಊಹಿಸುವ ಬದಲು ಮತ್ತೊಂದನ್ನು ಕೇಳಬೇಕು. ಅಮಾನ್ಯವಾದ ಚೆಕ್ಕಿನ ಮೂಲ ಹಾಳೆ ಸಾಮಾನ್ಯವಾಗಿ ಕಕ್ಷಿದಾರರ ಕೈಯಲ್ಲೇ ಇರುತ್ತದೆ.

ಇಷ್ಟೆಲ್ಲ ಹಟ ಏಕೆ ಎನ್ನುವವರಿಗೆ ನ್ಯಾಯಾಲಯದ ಉತ್ತರವಿದೆ. ಅದೇ ಕಾಯ್ದೆಯ 138ನೇ ಸೆಕ್ಷನ್ನಿನ ಪ್ರಕಾರ, ಚೆಕ್ ಅಮಾನ್ಯವಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ನೋಟಿಸು ಕೊಡಬೇಕು, ಅದರಲ್ಲಿ ಕೇಳಬೇಕಾದದ್ದು ಚೆಕ್ಕಿನ ಮೊತ್ತವನ್ನೇ. 2025ರ ಸೆಪ್ಟೆಂಬರಿನಲ್ಲಿ ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ಚೆಕ್ಕು ಒಂದು ಕೋಟಿ ರೂಪಾಯಿಯದು, ನೋಟಿಸಿನಲ್ಲಿ ಇದ್ದದ್ದು ಎರಡು ಕೋಟಿ. ಅದು ಟೈಪಿಂಗ್ ತಪ್ಪು ಎಂಬ ಸಮರ್ಥನೆಯನ್ನು ನ್ಯಾಯಾಲಯ ಒಪ್ಪಲಿಲ್ಲ, ನೋಟಿಸು ಊರ್ಜಿತವಾಗಲಿಲ್ಲ. ಅಂಕಿಯಿಂದ ಅಕ್ಷರ ಹುಟ್ಟಿಸುವ ಫಾರ್ಮು ಎರಡು ಕೋಟಿಗೂ ಅಷ್ಟೇ ಅಂದವಾಗಿ ಅಕ್ಷರ ಬರೆದುಕೊಡುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಆದ್ದರಿಂದ ನೋಟಿಸು ತಯಾರಿಸುವ ಕಚೇರಿಗಳಲ್ಲಿ ನನ್ನ ವಿನಂತಿ ಒಂದೇ. ಆ ಫಾರ್ಮಿನ ಸೌಲಭ್ಯವನ್ನು ಚೆಕ್ಕಿನ ಮಟ್ಟಿಗೆ ತೆಗೆದುಹಾಕಿ. ಅಂಕಿಗೊಂದು, ಅಕ್ಷರಕ್ಕೊಂದು ಎಂದು ಎರಡು ಖಾಲಿ ಜಾಗ ಬಿಡಿ, ಎರಡನ್ನೂ ಫೋಟೊದಿಂದಲೇ ತುಂಬಿಸಿ.