ಕರಾವಳಿಯ ಪತ್ತೇದಾರಿ ಕಾದಂಬರಿಯಲ್ಲಿ ಪಾತ್ರನಾಮಗಳು

ಇತರ ಕಾದಂಬರಿಗಳಲ್ಲಿ ಪಾತ್ರದ ಹೆಸರು ಆ ಪಾತ್ರವನ್ನು ಕರೆಯುವುದಕ್ಕಷ್ಟೇ ಬೇಕಾದ ಸಾಧನವಾಗಿದ್ದರೂ ಸಾಗುತ್ತದೆ. ಪತ್ತೇದಾರಿ ಕಾದಂಬರಿಯಲ್ಲಿ ಮಾತ್ರ ಹೆಸರು ವಾಚಕನ ಕೈಗೆ ಮೊತ್ತಮೊದಲು ಸಿಕ್ಕುವ ಸಾಕ್ಷ್ಯ. ಹತ್ತು ಹನ್ನೆರಡು ಜನರನ್ನು ಕೊನೆಯ ಪ್ರಕರಣದವರೆಗೂ ಸಂಶಯದ ಕಣ್ಣಿನಿಂದ ನೋಡುತ್ತ, ಯಾರು ಎಲ್ಲಿದ್ದರು, ಯಾರಿಗೆ ಯಾರು ಏನಾಗಬೇಕು ಎಂಬುದನ್ನು ಸ್ಮರಣೆಯಲ್ಲಿಟ್ಟುಕೊಳ್ಳಬೇಕಾದ ಆ ವಾಚಕನಿಗೆ ಹೆಸರುಗಳು ಒಂದರೊಳಗೊಂದು ಬೆರೆತುಹೋದರೆ ಕಥೆಯೇ ಕೈತಪ್ಪುತ್ತದೆ. ಕಥೆ ನಡೆಯುವುದು ನಮ್ಮ ಕರಾವಳಿಯ ಒಂದು ಸಣ್ಣ ಪೇಟೆಯಲ್ಲಿ ಎಂದಾದರೆ ಈ ಕಷ್ಟ ಇಮ್ಮಡಿಯಾಗುವುದು. ಏತಕ್ಕೆಂದರೆ ಅಲ್ಲಿ ಹೆಸರಿನ ಹಿಂದೆ ನಿಲ್ಲುವ ಕುಲನಾಮವು ಮನೆ, ಕಸುಬು, ಭಾಷೆ, ದಾಯಭಾಗ ಇವೆಲ್ಲವನ್ನೂ ಒಂದೇ ಉಸುರಿನಲ್ಲಿ ಹೇಳಿಬಿಡುತ್ತದೆ.

ನಮ್ಮ ಹಿಂದಿನವರು ಈ ಕಷ್ಟವನ್ನು ಎದುರಿಸದೆ ದಾಟಿಹೋದರು. 1899ರಲ್ಲಿ ಮಂಗಳೂರಿನಿಂದ ಹೊರಬಂದ ‘ಇಂದಿರಾಬಾಯಿ’ಯ ಕರ್ತೃ ಗುಲ್ವಾಡಿ ವೆಂಕಟರಾಯರು ಪೊಲೀಸು ಇಲಾಖೆಯಲ್ಲಿ ಸೇವೆ ಸಲ್ಲಿಸಿದವರು, ಕರಾವಳಿಯ ಅಪರಾಧಗಳನ್ನೂ ಅಪರಾಧಿಗಳ ಹೆಸರುಗಳನ್ನೂ ಅವರಷ್ಟು ಹತ್ತಿರದಿಂದ ಕಂಡ ಲೇಖಕರು ಆ ಕಾಲದಲ್ಲಿ ವಿರಳ. ಆದರೂ ಅವರು ತಮ್ಮ ಊರಿಗೆ ಕಮಲಪುರವೆಂದು ಕಲ್ಪಿತನಾಮವನ್ನಿತ್ತು, ಪಾತ್ರಗಳನ್ನು ಇಂದಿರೆ, ಭಾಸ್ಕರ, ಅಮೃತರಾಯ ಎಂದು ಕರೆದರು. ಸದ್ಧರ್ಮದ ವಿಜಯವನ್ನು ಸಾರಲು ಹೊರಟ ಕೃತಿಗೆ ಅದು ಒಪ್ಪಿತು. ಪತ್ತೇದಾರಿಗೆ ಒಪ್ಪದು, ಅಮೃತರಾಯನೆಂಬವನು ವಿಷವಿಕ್ಕಲಾರನೆಂದು ಹೆಸರೇ ಸೂಚಿಸಿದ ಮೇಲೆ ಶೋಧನೆಗೆ ಉಳಿಯುವುದೇನು? ಮುಂದೆ ಎನ್. ನರಸಿಂಹಯ್ಯನವರು ಪುರುಷೋತ್ತಮ, ಮಧುಸೂದನ, ಅರಿಂಜಯರೆಂಬ ಪತ್ತೇದಾರರನ್ನು ಸೃಷ್ಟಿಸಿ ಕನ್ನಡನಾಡಿನ ಮೂಲೆಮೂಲೆಗಳಲ್ಲಿ ಓದುವ ಅಭ್ಯಾಸವನ್ನು ಹುಟ್ಟಿಸಿದರು. ಆ ಉಪಕಾರ ದೊಡ್ಡದು. ಆದರೆ ಕುಲನಾಮವಿಲ್ಲದ ಆ ನಾಯಕನಾಮಗಳು ಯಾವ ಊರಿಗೂ ಸೇರದ ಹೆಸರುಗಳು; ಸಾಹಸಪ್ರಧಾನವಾದ ಕಥೆಯಲ್ಲಿ ಅದು ಕೊರತೆಯೆನಿಸದಿದ್ದರೂ, ಒಂದು ನಿರ್ದಿಷ್ಟ ಊರನ್ನೇ ಆಧಾರವಾಗಿ ಹಿಡಿದ ಕಥೆಗೆ ಆ ಮಾದರಿ ಸಾಲದು.

ಈಗ ಕರಾವಳಿಯನ್ನು ಹಿನ್ನೆಲೆಯಾಗಿ ಆರಿಸಿಕೊಳ್ಳುವ ಲೇಖಕನು ಸಹಜವಾಗಿ ಬೀಳುವ ತಪ್ಪು ಇದಕ್ಕೆ ವಿರುದ್ಧವಾದುದು. ಊರಿನ ವೈವಿಧ್ಯವನ್ನು ತೋರಿಸಬೇಕೆಂಬ ಸದಾಶಯದಿಂದಲೂ, ವಾಚಕನಿಗೆ ಗೊಂದಲವಾಗಬಾರದೆಂಬ ಎಚ್ಚರದಿಂದಲೂ ಅವನು ಒಬ್ಬ ಶೆಟ್ಟಿ, ಒಬ್ಬ ಪೂಜಾರಿ, ಒಬ್ಬ ಕಾಮತ್, ಒಬ್ಬ ಡಿಸೋಜ, ಒಬ್ಬ ಭಟ್ಟ ಎಂದು ಒಂದೊಂದು ಕುಲನಾಮಕ್ಕೆ ಒಬ್ಬೊಬ್ಬನನ್ನು ನಿಲ್ಲಿಸುತ್ತಾನೆ. ಇಂತಹ ಊರು ಕರಾವಳಿಯಲ್ಲಿ ಎಲ್ಲಿಯೂ ಇಲ್ಲ. ಅಲ್ಲಿ ಒಂದೇ ಬೀದಿಯಲ್ಲಿ ನಾಲ್ವರು ಶೆಟ್ಟರು, ಒಂದೇ ಪೇಟೆಯಲ್ಲಿ ಮೂವರು ಪೈಗಳು. ಇದಕ್ಕಿಂತ ದೊಡ್ಡ ದೋಷವೆಂದರೆ, ಒಂದು ಸಮುದಾಯಕ್ಕೆ ಒಬ್ಬನೇ ಪ್ರತಿನಿಧಿಯಿರುವಾಗ ಅವನು ವ್ಯಕ್ತಿಯಾಗಿ ಉಳಿಯದೆ ಆ ಸಮುದಾಯವೇ ಆಗಿಬಿಡುತ್ತಾನೆ. ಅವನ ಲೋಭವು ಅವನೊಬ್ಬನ ಲೋಭವಾಗಿ ಉಳಿಯುವುದಿಲ್ಲ. ಮೂವರು ಪೈಗಳಿದ್ದು ಒಬ್ಬನು ಜಿಪುಣ, ಒಬ್ಬನು ದಾನಿ, ಒಬ್ಬನು ಸಾಲಗಾರನಾಗಿದ್ದರೆ ಮಾತ್ರ ಪೈ ಎಂಬುದು ಬರಿಯ ಹೆಸರಾಗುತ್ತದೆ, ಪಾತ್ರಗಳು ಮನುಷ್ಯರಾಗುತ್ತವೆ.

ಹಾಗಾದರೆ ಕುಲನಾಮಗಳನ್ನು ಹಂಚುವುದು ಹೇಗೆ? ಉಡುಪಿಯಿಂದ ದಕ್ಷಿಣಕ್ಕಿರುವ ಕಾಪುವಿನಂತಹ, ದೀಪಸ್ತಂಭವೂ ಮೀನುಗಾರರ ಕೇರಿಯೂ ಚಿಕ್ಕದೊಂದು ಪೇಟೆಯೂ ಉಳ್ಳ ಊರನ್ನು, 1960ರ ಸುಮಾರಿನ ಕಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಕಲ್ಪಿತ ಕಥೆಯನ್ನೇ ಪರೀಕ್ಷಿಸೋಣ. ರಂಪಣಿ ಬಲೆಯಲ್ಲಿ ದೊಡ್ಡ ಪಾಲುಳ್ಳ ಮೊಗವೀರ ಹಿರಿಯನೊಬ್ಬನು ಕೊಲೆಯಾಗಿದ್ದಾನೆ. ಅವನ ಹೆಸರು ಕಾಂತಪ್ಪ ಕರ್ಕೇರ. ಮನೆಯಲ್ಲಿ ಇಬ್ಬರು ಯುವಕರಿದ್ದಾರೆ: ಪದ್ಮನಾಭ ಕರ್ಕೇರ, ಸದಾಶಿವ ಸಾಲ್ಯಾನ್. ಇವರಲ್ಲಿ ಮಗನಾರು? ಘಟ್ಟದ ಮೇಲಿನ ವಾಚಕನು ನಿಸ್ಸಂದೇಹವಾಗಿ ಪದ್ಮನಾಭನೆನ್ನುವನು. ಆದರೆ ಕರ್ಕೇರ, ಸಾಲ್ಯಾನ್ ಎಂಬುವು ತಾಯಿಯಿಂದ ಮಕ್ಕಳಿಗೆ ಬರುವ ‘ಬರಿ’ ಎಂಬ ಕವಲಿನ ಹೆಸರುಗಳು. ಒಂದೇ ಬರಿಯೊಳಗೆ ವಿವಾಹ ನಿಷಿದ್ಧವಾದುದರಿಂದ, ಆ ಕ್ರಮವನ್ನು ಪಾಲಿಸುವ ಕುಟುಂಬದಲ್ಲಿ ತಂದೆಯ ಬರಿಯೂ ಮಗನ ಬರಿಯೂ ಒಂದಾಗಲಾರವು. ಪದ್ಮನಾಭನು ಕಾಂತಪ್ಪನ ಸೋದರಿಯ ಮಗ, ಅಂದರೆ ಅಳಿಯ. ಸದಾಶಿವನೇ ಹೆತ್ತ ಮಗ. ಅಳಿಯಸಂತಾನದ ಮೇರೆಗೆ ಕುಟುಂಬದ ಆಸ್ತಿ ಹೋಗಬೇಕಾದುದು ಅಳಿಯನಿಗೆ. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಬಂದು ಈ ಹಕ್ಕುಗಳನ್ನು ಕದಲಿಸಿದ್ದ ಕಾಲವದು. ಮಾವನ ಆಸ್ತಿಗಾಗಿ ಕಾದಿದ್ದ ಅಳಿಯನೂ, ತನಗೂ ಪಾಲಿದೆಯೆಂದು ಹೊಸದಾಗಿ ತಿಳಿದ ಮಗನೂ ಒಂದೇ ಸೂರಿನಡಿಯಲ್ಲಿದ್ದಾರೆ. ಕೊಲೆಯ ಪ್ರೇರಣೆ ಮೊದಲ ಪುಟದಲ್ಲಿಯೇ ಹೆಸರುಗಳ ರೂಪದಲ್ಲಿ ವಾಚಕನ ಮುಂದೆ ಬಿದ್ದಿದೆ. ಲೇಖಕನು ಏನನ್ನೂ ಮುಚ್ಚಿಟ್ಟಿಲ್ಲ, ಆದರೂ ವಾಚಕನು ಕಾಣನು. ಪತ್ತೇದಾರಿಯಲ್ಲಿ ನ್ಯಾಯವಾದ ಚಾತುರ್ಯವೆಂದರೆ ಇದು. ಇಲ್ಲಿ ಇಬ್ಬರು ಕರ್ಕೇರರಿರುವುದು ಗೊಂದಲವಲ್ಲ, ಕಥೆಯ ಕೀಲು. ವೈವಿಧ್ಯದ ಆಸೆಯಿಂದ ಅಳಿಯನಿಗೆ ಬೇರೊಂದು ಕುಲನಾಮವನ್ನಿತ್ತರೆ ಕಥೆಯೇ ಕುಸಿಯುವುದು. ಆದರೆ ತಂದೆಯ ಬರಿಯನ್ನೇ ಮಕ್ಕಳಿಗಿಡುವ ಕುಟುಂಬಗಳೂ ಇರುವುದರಿಂದ, ಈ ಮನೆಯಲ್ಲಿ ಹಳೆಯ ಕ್ರಮವೇ ನಡೆದುಬಂದಿದೆಯೆಂಬುದನ್ನು ಲೇಖಕನು ಎಲ್ಲಿಯಾದರೊಂದು ಕಡೆ ಸೂಚಿಸಲೇಬೇಕು. ಇಲ್ಲವಾದರೆ ಕರಾವಳಿಯ ವಾಚಕನೇ ಮೊದಲು ಆಕ್ಷೇಪವೆತ್ತುವನು.

ಹೀಗೆಯೇ ಒಂದೇ ಕುಲನಾಮವು ಹಲವು ಸಮುದಾಯಗಳಲ್ಲಿರುವುದೂ ಲೇಖಕನಿಗೆ ದೊರೆತ ವರ. ಆಚಾರ್ಯನೆಂದರೆ ದೇವಸ್ಥಾನದ ಬ್ರಾಹ್ಮಣನೂ ಆಗಬಹುದು, ಚಿನ್ನದ ಕೆಲಸದ ವಿಶ್ವಕರ್ಮನೂ ಆಗಬಹುದು. ಹೆಗ್ಡೆಯು ಬಂಟನಾಗಿರಬಹುದು, ಜೈನನಾಗಿರಬಹುದು, ಉತ್ತರ ಕನ್ನಡದಿಂದ ಬಂದ ಹವ್ಯಕನಾಗಿರಬಹುದು. ಸಾಲ್ಯಾನನು ಮೊಗವೀರನೋ ಬಿಲ್ಲವನೋ ಎಂಬುದು ಹೆಸರಿನಿಂದ ತಿಳಿಯದು. ಸತ್ತವನ ಪೆಟ್ಟಿಗೆಯಲ್ಲಿ ‘ಕೆ. ಆಚಾರ್ಯ’ ಎಂಬ ಸಹಿಯುಳ್ಳ ಕೈಬರಹದ ಚೀಟಿಯೊಂದು ಸಿಕ್ಕಿದರೆ, ಅದು ಅರ್ಚಕರದೋ ಅಕ್ಕಸಾಲಿಯದೋ ಎಂಬ ಪ್ರಶ್ನೆ ಎರಡು ಪ್ರಕರಣಗಳನ್ನು ನಡೆಸಬಲ್ಲುದು. ಒಂದು ಕಾದಂಬರಿಗೆ ಇಂತಹದೊಂದು ಸಾಕು. ಎರಡನೆಯದು ಬಂದರೆ ಅದು ತಂತ್ರವೆಂದು ವಾಚಕನಿಗೆ ಗೊತ್ತಾಗುತ್ತದೆ.

ಕುಲನಾಮಗಳು ಹೀಗೆ ಪುನರಾವರ್ತಿಸಲೇಬೇಕೆಂದಾದ ಮೇಲೆ ವಾಚಕನ ಸ್ಮರಣೆಗೆ ಬೇಕಾದ ವೈವಿಧ್ಯವನ್ನು ತರಬೇಕಾದುದು ಎರಡು ಕಡೆಗಳಿಂದ. ಮೊದಲನೆಯದು ಅಂಕಿತನಾಮ. ಕನ್ನಡದ ಓದುಗನು ಹೆಸರನ್ನು ಗುರುತಿಸುವುದು ಅದರ ಮೊದಲ ಅಕ್ಷರದ ಆಕಾರದಿಂದಲೂ ಕೊನೆಯ ನಾದದಿಂದಲೂ. ಸುರೇಶ, ಸುಧೀರ, ಸುಭಾಷ ಎಂದು ಮೂವರನ್ನು ತಂದರೆ ಮೊದಲು ತೊಡಕು, ರಮೇಶ, ಗಣೇಶ, ದಿನೇಶ ಎಂದು ತಂದರೆ ಕೊನೆಯಲ್ಲಿ ತೊಡಕು. ಇದಕ್ಕೆ ಪರಿಹಾರ ತಲೆಮಾರುಗಳಲ್ಲಿದೆ. ಅಜ್ಜಂದಿರ ಕಾಲದ ಕೊರಗಪ್ಪ, ದೂಮಪ್ಪ, ಐತಪ್ಪ, ಅಕ್ಕು. ಅನಂತರದ ಕಾಲದ ವಾಸುದೇವ, ಪದ್ಮನಾಭ, ಕಲ್ಯಾಣಿ. ಬ್ಯಾರಿಗಳಲ್ಲಿ ಹಸನಬ್ಬ, ಮೊಯ್ದಿನಬ್ಬ. ಕ್ರೈಸ್ತರಲ್ಲಿ ಸಂತರ ಹೆಸರುಗಳು. ವಯಸ್ಸನ್ನು ಹೇಳದೆಯೇ ವಯಸ್ಸು ತಿಳಿಯುವಂತೆ, ಒಂದೇ ಮನೆಯ ಮೂರು ತಲೆಮಾರುಗಳು ಮೂರು ಬಗೆಯ ನಾದದಿಂದ ಬೇರ್ಪಡುವಂತೆ ಹೆಸರಿಟ್ಟರೆ ವಾಚಕನು ಎಡವನು. ನನ್ನ ಕಲ್ಪಿತ ಉದಾಹರಣೆಯನ್ನೇ ಈ ಒರೆಗೆ ಹಚ್ಚಿದರೆ ಕಾಂತಪ್ಪ, ಪದ್ಮನಾಭ, ಸದಾಶಿವ ಎಂಬುವು ನಿಲ್ಲುತ್ತವೆ. ಪೇಟೆಯ ಅಂಗಡಿಕಾರನಿಗೆ ಕಾಮತನೆಂದು ಕುಲನಾಮವಿಟ್ಟು ಅವನನ್ನು ಕುಲನಾಮದಿಂದಲೇ ಕರೆದರೆ ಮಾತ್ರ ಕಾಂತಪ್ಪನೊಡನೆ ಬೆರೆಯುವ ಭಯವುಂಟು. ಅವನನ್ನು ಶೆಣೈ ಎಂದರೆ ಆ ಭಯವಿಲ್ಲ.

ಎರಡನೆಯದು ಸಂಬೋಧನೆ. ಊರಿನವರು ನಾಲ್ವರು ಶೆಟ್ಟರನ್ನು ಗುರುತಿಸುವುದು ಮನೆಯ ಹೆಸರಿನಿಂದ, ಕಸುಬಿನಿಂದ, ಬಾಂಧವ್ಯದಿಂದ: ಹೊಸಮನೆ ಶೆಟ್ರು, ಮೇಷ್ಟ್ರು, ಸಂಜೀವಣ್ಣ. ಕೊಂಕಣಿಗರ ಅಂಗಡಿಯಲ್ಲಿ ಶೆಣೈ ಮಾಮ್, ತುಳುವರ ಬಾಯಲ್ಲಿ ಕ್ರೈಸ್ತ ಹಿರಿಯನಿಗೆ ಪೊರ್ಬು. ಸ್ತ್ರೀಯರ ವಿಷಯದಲ್ಲಂತೂ ಲೇಖಕರ ಅಲಕ್ಷ್ಯ ಖೇದಕರವಾದುದು. ಗಂಡಸರಿಗೆಲ್ಲ ಕುಲನಾಮವಿತ್ತು ಹೆಂಗಸರನ್ನು ಬರಿಯ ಲಕ್ಷ್ಮಿ, ಸರೋಜ ಎಂದು ಬಿಟ್ಟುಬಿಡುತ್ತಾರೆ. ಹಳೆಯ ದಸ್ತಾವೇಜುಗಳಲ್ಲಿ ಶೆಡ್ತಿ, ಪೂಜಾರ್ತಿ ಎಂದು ಅವರಿಗೆ ತಮ್ಮದೇ ಆದ ರೂಪಗಳಿದ್ದುವು, ಮತ್ತು ತಾಯಿಯ ಕವಲಿನಿಂದಲೇ ಆಸ್ತಿ ನಡೆಯುತ್ತಿದ್ದ ನಾಡಿನಲ್ಲಿ ದಸ್ತಾವೇಜಿನಲ್ಲಿರುವ ಹೆಂಗಸಿನ ಹೆಸರೇ ಮುಖ್ಯ ಸಾಕ್ಷ್ಯ. ಕಾಂತಪ್ಪನ ಸೋದರಿಗೆ ಹೆಸರಿಲ್ಲದಿದ್ದರೆ ಅವನ ಕೊಲೆಯ ಕಾರಣವೂ ದೊರೆಯದು. ನಿರೂಪಣೆಯಲ್ಲಿ ಪ್ರತಿಯೊಬ್ಬರಿಗೂ ಒಂದೇ ಹೆಸರು ಸ್ಥಿರವಾಗಿರಲಿ. ಸಂಭಾಷಣೆಯಲ್ಲಿ ಆಡುವವರ ಬಾಂಧವ್ಯಕ್ಕೆ ತಕ್ಕಂತೆ ಅದು ಬದಲಾಗಲಿ.

ಶೋಧಕನ ಹೆಸರಿಗೆ ಚರಿತ್ರೆಯ ಅಂಕೆಯೂ ಇದೆ. ದಕ್ಷಿಣ ಕನ್ನಡವು 1956ರವರೆಗೆ ಮದ್ರಾಸಿಗೂ, ಉತ್ತರ ಕನ್ನಡವು ಮುಂಬಯಿಗೂ ಸೇರಿದ್ದುದರಿಂದ, ಅದಕ್ಕೆ ಹಿಂದಿನ ಕಥೆಯಲ್ಲಿ ಮೈಸೂರಿನಿಂದ ವರ್ಗವಾಗಿ ಬಂದ ಇನ್‌ಸ್ಪೆಕ್ಟರನನ್ನು ಕಾಪುವಿನ ಠಾಣೆಯಲ್ಲಿ ಕೂರಿಸುವಂತಿಲ್ಲ. ಅಲ್ಲಿಗೆ ತಮಿಳಿನವನೋ ಮಲೆಯಾಳದವನೋ ಬರಬಹುದಾಗಿತ್ತು. ನಮ್ಮ ಕಥೆ 1960ರದಾದುದರಿಂದ ಮೈಸೂರಿನವನು ಬರಬಲ್ಲನು. ಕುಲನಾಮವಿಲ್ಲದೆ ಊರಿನ ಮತ್ತು ತಂದೆಯ ಮೊದಲಕ್ಷರಗಳನ್ನು ಮಾತ್ರ ಧರಿಸಿದ ಆ ಅಧಿಕಾರಿಗೆ ಬರಿಗಳ ಕಟ್ಟಳೆ ತಿಳಿಯದು. ತಿಳಿದ ಹೆಡ್‌ಕಾನ್‌ಸ್ಟೇಬಲನೊಬ್ಬನು ಜೊತೆಗಿದ್ದರೆ ವಾಚಕನಿಗೆ ವಿವರಣೆಯು ಉಪನ್ಯಾಸವಾಗದೆ ಸಂಭಾಷಣೆಯಾಗಿ ದೊರೆಯುವುದು.

ಅಪರಾಧಿಯ ಹೆಸರಿನಲ್ಲಿ ಲೇಖಕನ ಧೈರ್ಯದ ಪರೀಕ್ಷೆಯಿದೆ. ಯಾವ ಸಮುದಾಯಕ್ಕೂ ನೋವಾಗಬಾರದೆಂದು ಅಪರಾಧಿಗೆ ಮಾತ್ರ ಕುಲನಾಮವಿಡದೆ ‘ಮೋಹನ’ ಎಂದು ಬಿಡುವುದುಂಟು. ಎಲ್ಲರಿಗೂ ಕುಲನಾಮವಿರುವ ಊರಿನಲ್ಲಿ ಇಲ್ಲದವನೊಬ್ಬನೇ ಇದ್ದರೆ ಚತುರ ವಾಚಕನು ಮೂರನೆಯ ಪ್ರಕರಣದಲ್ಲಿಯೇ ಅವನನ್ನು ಹಿಡಿಯುತ್ತಾನೆ. ಊರಿಗೆ ಹೊಸಬನಾದ ಒಂಟಿ ಪರಕೀಯನ ಮೇಲೆ ತಪ್ಪನ್ನು ಹೊರಿಸುವುದು ಅದಕ್ಕಿಂತ ಕೀಳಾದ ಉಪಾಯ. ಅಪರಾಧಿಯ ಕುಲನಾಮವು ಕಥೆಯಲ್ಲಿ ಇನ್ನಿಬ್ಬರು ಸಜ್ಜನರಿಗೂ ಇದ್ದರೆ ಆಕ್ಷೇಪಕ್ಕೆ ಆಸ್ಪದವೂ ಇಲ್ಲ, ಸುಳಿವೂ ಬಯಲಾಗದು. ಬರೆಯುವವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಪ್ರಥಮ ಪ್ರಕರಣವನ್ನು ಪ್ರಾರಂಭಿಸುವ ಮುನ್ನ ಪಾತ್ರಗಳ ಹೆಸರುಗಳನ್ನು ವಂಶವೃಕ್ಷದೊಡನೆ ಒಂದು ಹಾಳೆಯಲ್ಲಿ ಬರೆದು, ಆ ಊರಿನಲ್ಲಿ ಹುಟ್ಟಿ ಬೆಳೆದ ಹಿರಿಯರೊಬ್ಬರಿಗೆ ಗಟ್ಟಿಯಾಗಿ ಓದಿ ತೋರಿಸಿರಿ, ಅವರು ಯಾರಿಗೆ ಯಾರು ಏನಾಗಬೇಕೆಂದು ಸರಿಯಾಗಿ ಊಹಿಸಿದರೆ ಹೆಸರುಗಳು ಸಿದ್ಧವಾಗಿವೆ, ಇಲ್ಲವಾದರೆ ಇನ್ನೂ ಇಲ್ಲ.