ಕರೆಯುವ ಹಾಡು ಮೊದಲು

ಹೊಳೆನರಸೀಪುರದ ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬದ ದಿನ ಎರಡು ಸಲ ಹಾಡಾಗುತ್ತಿತ್ತು. ಬೆಳಿಗ್ಗೆ ಪೂಜೆಯ ಜೊತೆಜೊತೆಗೆ ಅಜ್ಜಿಯದು. ಸಂಜೆ ದೀಪ ಹಚ್ಚಿದ ಮೇಲೆ ಅರಿಶಿನ ಕುಂಕುಮಕ್ಕೆ ಬಂದ ಬೀದಿಯ ಹೆಂಗಸರೆಲ್ಲ ಸೇರಿ ಹಾಡುವುದು.

ನ್ಯೂಜೆರ್ಸಿಯಲ್ಲಿರುವ ತಂಗಿಯ ಮಗಳು ಹದಿನಾಲ್ಕು ಹಾಡಿನ ಪಟ್ಟಿ ಕಳಿಸಿದ್ದಳು. "ದೊಡ್ಡಮ್ಮ, ಆರು ಮನೆಯವರು ಬರ್ತಾರೆ. ಶುಕ್ರವಾರ ಆಫೀಸ್ ಮುಗಿಸಿ ಬರೋದೇ ಏಳು ಗಂಟೆಗೆ. ಮುಕ್ಕಾಲು ಗಂಟೇಲಿ ಮುಗೀಬೇಕು. ಯಾವ್ಯಾವ ಹಾಡು ಬಿಡಲಿ?"

ಹಾಡು ಆಮೇಲೆ, ಮೊದಲು ಉಪಚಾರ ಆರಿಸಿಕೋ ಅಂದೆ. ಮನೆಯ ಹಾಡುಗಳೆಲ್ಲ ಒಂದೊಂದು ಉಪಚಾರಕ್ಕೆ ಅಂಟಿಕೊಂಡಿವೆ. ಷೋಡಶೋಪಚಾರ ಆಗದಿದ್ದಾಗ ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯವೆಂಬ ಪಂಚೋಪಚಾರ ಸಾಕೆಂದು ಹಿರಿಯರೇ ದಾರಿ ಮಾಡಿಟ್ಟಿದ್ದಾರೆ. ಬೆಳಿಗ್ಗೆಯೇ ಕಲಶ ಇಟ್ಟು ಪೂಜೆ ಮುಗಿಸಿ ಕೆಲಸಕ್ಕೆ ಹೋದರೆ, ಸ್ನಾನದ, ಸೀರೆ ಉಡಿಸುವ, ಒಡವೆ ತೊಡಿಸುವ ಹಾಡುಗಳು ಸಂಜೆಗೆ ಬೇಕಾಗುವುದೇ ಇಲ್ಲ. ಅಲಂಕಾರವಾಗಿ ಕೂತ ದೇವಿಗೆ ಮತ್ತೆ ನೀರೆರೆಯುವ ಹಾಡು ಹಾಡಬಾರದು.

ಅವಳ ಪಟ್ಟಿಯಲ್ಲಿ ಪುರಂದರದಾಸರ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಕೊನೆಯಲ್ಲಿತ್ತು. ಕಚೇರಿ ಕೇಳಿ ಬೆಳೆದವರ ಅಭ್ಯಾಸ ಅದು. ಮಧ್ಯಮಾವತಿ ಮಂಗಳದ ರಾಗ, ಅದನ್ನು ಕೊನೆಗೆ ಹಾಡುತ್ತಾರೆ. ಮನೆಯಲ್ಲಿ ಅದು ಕರೆಯುವ ಹಾಡು. ಆರತಿ ಎತ್ತಿದ ಮೇಲೆ ಬಾ ಎಂದು ಕರೆಯುವುದು ಹೇಗೆ? ಮೊದಲಿಗೇ ಇಡು ಅಂದೆ. ಧಾಟಿಯನ್ನೂ ಮುಂಚೆಯೇ ಗೊತ್ತು ಮಾಡಿಕೊಳ್ಳಬೇಕು. ಅರ್ಧ ಜನ ಮನೆಯ ಮಟ್ಟು ಹಿಡಿದು, ಉಳಿದವರು ಭೀಮಸೇನ ಜೋಶಿಯವರದನ್ನು ಹಿಡಿದರೆ ಎರಡನೇ ಚರಣಕ್ಕೇ ಹಾಡು ಹರಿದುಹೋಗುತ್ತದೆ.

ಕರೆಯುವುದು, ಹಸೆಗೆ ಕೂರಿಸುವುದು, ಮಕ್ಕಳು ಒಬ್ಬೊಬ್ಬರೇ ಹೂವಿಡುವಾಗ ಹೂವಿನ ಹಾಡು, ನೈವೇದ್ಯ, ಆರತಿ, ಮಂಗಳ: ಆರೇ ಹಾಡು ಉಳಿದವು. ಒಂದೊಂದರಲ್ಲೂ ಪಲ್ಲವಿ, ಎರಡು ಚರಣ, ಅಂಕಿತದ ಚರಣ. ದಾಸರ ಹಾಡಿನಲ್ಲಿ ಅಂಕಿತ ಬಿಟ್ಟರೆ ಹಾಡು ಮುಗಿದಂತಾಗುವುದಿಲ್ಲ. ಬಿಡುವುದಾದರೆ ನಡುವಿನ ಚರಣ ಬಿಡಬೇಕು. ನಿಧಾನವಾಗಿ ಹಾಡಿದರೂ ಒಂದಕ್ಕೆ ನಾಲ್ಕು ನಿಮಿಷ. ಉಳಿದ ಇಪ್ಪತ್ತು ನಿಮಿಷ ಹೂವಿಗೆ, ತಾಂಬೂಲಕ್ಕೆ. ಕಲಶ ಕದಲಿಸುವ ಹಾಡು ಮರುದಿನ ಬೆಳಿಗ್ಗೆ ಅವಳೊಬ್ಬಳೇ ಹಾಡಿಕೊಳ್ಳಲಿ.

ಕರ್ಪೂರ ಹಚ್ಚಿದರೆ ಅಲ್ಲಿ ಹೊಗೆಯ ಅಲಾರಂ ಕೂಗುತ್ತದಂತೆ. ಒಂದೇ ತುಪ್ಪದ ಬತ್ತಿ ಇಟ್ಟು, ತಟ್ಟೆಯಲ್ಲಿ ಕೆಂಪಾರತಿ ಮಾಡು ಅಂದೆ. ಅರಿಶಿನದ ನೀರು ಕೆಂಪಾಗಲು ಸುಣ್ಣ ಬೇಕು, ಅದು ಸಿಗದಿದ್ದರೆ ಒಂದು ಚಿಟಿಕೆ ಅಡುಗೆ ಸೋಡ. ಸುಣ್ಣದಷ್ಟು ಗಾಢ ಬಣ್ಣ ಬರುವುದಿಲ್ಲ, ಮೇಲೆ ಕುಂಕುಮ ಕದಡಬೇಕು.

ಹಬ್ಬವಾದ ಮೇಲೆ ವಿಡಿಯೊ ಕಳಿಸಿದಳು. ಆರತಿ ಹಾಡು ಮುಗಿದರೂ ತಟ್ಟೆ ಇನ್ನೂ ಮೂರನೆಯವರ ಕೈಯಲ್ಲೇ ಇತ್ತು, ಎಲ್ಲರೂ ಸುಮ್ಮನೆ ನಿಂತಿದ್ದರು. ಆರತಿ ಹಾಡಿಗೆ ಮಾತ್ರ ಗಡಿಯಾರ ನೋಡಬೇಡ, ತಟ್ಟೆ ಕೆಳಗಿಳಿಯುವವರೆಗೂ ಪಲ್ಲವಿ ತಿರುತಿರುಗಿ ಹಾಡುತ್ತಿರಿ ಎಂದು ಬರೆದು ಕಳಿಸಿದ್ದೇನೆ.