ಪಟ್ಟಿಗೆ ಸಿಗದ ಪುಸ್ತಕ

ದೇವನೂರ ಮಹಾದೇವ ಅವರ ‘ಆರ್‌ಎಸ್‌ಎಸ್: ಆಳ ಮತ್ತು ಅಗಲ’ 2022ರಲ್ಲಿ ಬಂತು. ಬೆಲೆ 40 ರೂಪಾಯಿ. ಮೈಸೂರಿನ ಅಭಿರುಚಿ ಸೇರಿ ಹಲವು ಪ್ರಕಾಶನಗಳು ಒಟ್ಟೊಟ್ಟಿಗೆ ಅಚ್ಚು ಹಾಕಿದವು. ಅಂಗಡಿಯಲ್ಲಷ್ಟೇ ಅಲ್ಲ, ಸಭೆ ಸಂಘಟನೆಗಳಲ್ಲೂ ಕೈಯಿಂದ ಕೈಗೆ ಹೋಯಿತು. ಈಗ ಹೇಳಿ, ಯಾವ ಪಟ್ಟಿ ಇದನ್ನು ಪೂರ್ತಿ ಎಣಿಸೀತು?

ಅಂಗಡಿಯವನು ತನ್ನ ಬಿಲ್ಲುಗಳನ್ನೇ ಕೂಡುತ್ತಾನೆ. ಅಮೆಜಾನೂ ಅಷ್ಟೆ: ತನ್ನಲ್ಲಿ ಮಾರಿದ್ದನ್ನು ಮಾತ್ರ ನೋಡಿ, ವಿಭಾಗಕ್ಕೊಂದು ಸ್ಥಾನ ಕೊಡುತ್ತೆ, ಆಗಾಗ ಬದಲಿಸುತ್ತೆ. ವಿಭಾಗ ಚಿಕ್ಕದಾದರೆ ಕೆಲವೇ ಪ್ರತಿ ಹೋದರೂ ಮೊದಲ ಸ್ಥಾನ! ನಾಲ್ಕು ಗೆಳೆಯರು ಸಾಕು ಅಂತೀವಿ ನಾವು. ಸಭೆಯಲ್ಲಿ ನಗದಿಗೆ ಹೋದದ್ದು ಇಬ್ಬರ ಲೆಕ್ಕಕ್ಕೂ ಇಲ್ಲ. ಹಾಗಾಗಿ ಪಟ್ಟಿಗಳು ಒಂದಕ್ಕೊಂದು ಹೊಂದೋದಿಲ್ಲ.

‘ಅತಿ ಹೆಚ್ಚು ಮಾರಾಟ’ದ ಚೀಟಿ ಕಂಡರೆ ನಾವು ಕೇಳೋದು: ಯಾರ ಕೌಂಟರು, ಯಾವ ವಾರ, ಎಷ್ಟು ಪ್ರತಿ? ಸಂಖ್ಯೆ ಕೊಡದ ಚೀಟಿಯ ಖಾತ್ರಿ ಇಷ್ಟೆ: ಅಲ್ಲಿ, ಆ ಹೊತ್ತಿಗೆ, ಪಕ್ಕದ ಪುಸ್ತಕಕ್ಕಿಂತ ಇದು ಜಾಸ್ತಿ ಹೋಗಿದೆ. ಕೊಂಡವರು ಓದಿದರಾ ಅನ್ನೋದು ಬಿಲ್ಲಿನಲ್ಲಿ ಬರೋದಿಲ್ಲ.